200 ಷೇರು ಅಂತ ಮೊದಲೇ ಯಾಕೆ ಗಟ್ಟಿ ಮಾಡಿಕೊಂಡಿರಿ?

"ಖಾತೆಯಲ್ಲಿ 2 ಲಕ್ಷ ಇದೆ. 500 ರೂಪಾಯಿಯ ಷೇರು 200 ತಗೋಬೇಕು ಅಂತಿದೀನಿ. ನಷ್ಟ 1% ದಾಟಬಾರದು ಅಂದ್ರೆ ಸ್ಟಾಪ್ ಲಾಸ್ ಎಲ್ಲಿ ಇಡಲಿ?"

ನಾನೂ ಹೀಗೇ ಲೆಕ್ಕ ಹಾಕ್ತಿದ್ದೆ. 2 ಲಕ್ಷದ 1% ಅಂದ್ರೆ 2,000. ಅದನ್ನ 200 ಷೇರಿಗೆ ಭಾಗಿಸಿದ್ರೆ 10 ರೂಪಾಯಿ. ಸರಿ, ಬೆಲೆ 490ಕ್ಕೆ ಇಳಿದ್ರೆ ತಾನೇ ಮಾರಾಟ ಆಗ್ಲಿ ಅಂತ ಸ್ಟಾಪ್ ಅಲ್ಲಿಗೇ ಇಟ್ಟುಬಿಡ್ತಿದ್ದೆ.

ಆ 490ಕ್ಕೆ ಚಾರ್ಟ್‌ನಲ್ಲಿ ಅರ್ಥವೇ ಇರಲಿಲ್ಲ. ನಾನು ಆಡ್ತಿದ್ದ ಷೇರು ಏನೂ ಸುದ್ದಿ ಇಲ್ಲದ ದಿನವೂ 12–15 ರೂಪಾಯಿ ಮೇಲೆ ಕೆಳಗೆ ಆಗ್ತಿತ್ತು. ಹಿಂದಿನ ತಳ, ಅಂದ್ರೆ ಹಿಂದಿನ ಸಲ ಬೆಲೆ ಇಳಿದು ಮತ್ತೆ ಮೇಲೆ ತಿರುಗಿದ ಜಾಗ, ಇದ್ದದ್ದು 478ರಲ್ಲಿ. ಅಂದ್ರೆ ನನ್ನ ಅಂದಾಜು ತಪ್ಪು ಅಂತ ಗೊತ್ತಾಗೋದು 478 ಒಡೆದ ಮೇಲೆ. ನಾನು ಅದಕ್ಕೂ 12 ರೂಪಾಯಿ ಮೊದಲೇ, ದಿನನಿತ್ಯದ ಏರಿಳಿತದ ಒಳಗೇ ಸ್ಟಾಪ್ ಇಟ್ಟಿದ್ದೆ. 488ಕ್ಕೆ ಇಳಿದು ನನ್ನನ್ನ ಹೊರಗೆ ಹಾಕಿ, ಅದೇ ವಾರ 530ಕ್ಕೆ ಹೋಯ್ತು. ದಿಕ್ಕು ಸರಿಯಾಗೇ ಹಿಡಿದಿದ್ದೆ, ಆದ್ರೂ 2,000 ಹೋಯ್ತು, ಮೇಲೆ ಬ್ರೋಕರೇಜ್, ತೆರಿಗೆ ಬೇರೆ. ಬೇರೆ ಬೇರೆ ಷೇರುಗಳಲ್ಲಿ ಇದೇ ಕಥೆ ನಡೀತಾ ಹೋಯ್ತು. ಪ್ರತಿ ಸಲದ ನಷ್ಟ 1% ಅಷ್ಟೇ ಅನ್ನೋ ಸಮಾಧಾನದಲ್ಲಿ, ಬರಬೇಕಿಲ್ಲದ ನಷ್ಟಗಳನ್ನ ನಾನೇ ಕರೆಸಿಕೊಳ್ತಿದ್ದೀನಿ ಅಂತ ಹೊಳೆಯೋಕೆ ತುಂಬಾ ದಿನ ಬೇಕಾಯ್ತು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ತಿರುವುಮುರುವು ಆಗಿದೆ. ಸ್ಟಾಪ್ ಎಲ್ಲಿ ಅಂತ ಚಾರ್ಟ್ ಹೇಳಲಿ, ಷೇರು ಎಷ್ಟು ಅನ್ನೋದು ಆಮೇಲೆ. ತಳ 478 ಇದ್ರೆ ಸ್ಟಾಪ್ 475. ಅಂತರ 25 ರೂಪಾಯಿ. 2,000 ಭಾಗಿಸು 25, ಬಂದದ್ದು 80 ಷೇರು. ಹಾಕೋ ಹಣ 40,000. ಕಮ್ಮಿ ಅನ್ನಿಸುತ್ತೆ, ಅನ್ನಿಸಲಿ. ಖಾತೆ 1,90,000ಕ್ಕೆ ಇಳಿದ್ರೆ 1% ಅಂದ್ರೆ 1,900, ಆಗ 76 ಷೇರು. ಈ ಲೆಕ್ಕಕ್ಕೆ ನಿಮ್ಮ ಸ್ವಂತ ಹಣ ಮಾತ್ರ ಹಿಡೀರಿ, ಅದೇ ದಿನ ಮುಗಿಸೋ ವ್ಯವಹಾರಕ್ಕೆ ಅಂತ ಬ್ರೋಕರ್ ಹೆಚ್ಚಿಗೆ ಕೊಡೋ ಇಂಟ್ರಾಡೇ ಲಿಮಿಟ್ ಅಲ್ಲ.

ಇನ್ನೊಂದು ಮಾತು. ರಾತ್ರಿ ಷೇರು ಇಟ್ಟುಕೊಂಡ್ರೆ 1% ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನಿನ್ನೆ 482ಕ್ಕೆ ಮುಗಿದದ್ದು ಕಂಪನಿಯ ಕೆಟ್ಟ ಫಲಿತಾಂಶ ಬಂದು ಇವತ್ತು 455ಕ್ಕೆ ತೆರೆದ್ರೆ, 475ರಲ್ಲಿ ಮಾರೋಕೆ ಅವಕಾಶವೇ ಸಿಗಲ್ಲ. 475ಕ್ಕೆ ಇಳಿದ್ರೆ ಆರ್ಡರ್ ಶುರುವಾಗಲಿ, ಆದ್ರೆ 474ಕ್ಕಿಂತ ಕಮ್ಮಿಗೆ ಮಾರಬಾರದು ಅಂತ ಟ್ರಿಗರ್ 475, ಲಿಮಿಟ್ 474 ಹಾಕಿದ್ರೆ ಆರ್ಡರ್ ಚಾಲೂ ಆಗುತ್ತೆ, ಆದ್ರೆ ಬೆಲೆ ಮತ್ತೆ 474ಕ್ಕೆ ಬರೋವರೆಗೂ ಮಾರಾಟ ಆಗಲ್ಲ. 455ಕ್ಕೇ ಹೊರಬಂದ್ರೂ 80 ಷೇರಿಗೆ 3,600 ಹೋಗುತ್ತೆ, ಇದೇ ಸ್ಟಾಪ್ ಇಟ್ಟು 200 ಷೇರು ಹಿಡಿದಿದ್ರೆ 9,000. ಹಾಗಾಗಿ ಫಲಿತಾಂಶದ ಹಿಂದಿನ ದಿನ ನಾನು ಷೇರು ಅರ್ಧಕ್ಕೆ ಇಳಿಸ್ತೀನಿ, ಇಲ್ಲ ಪೂರ್ತಿ ಹೊರಗೆ ಬರ್ತೀನಿ.