ಹಾಲಿನ ಪುಡಿಯ ಪೇಡಾ ಹಲ್ಲಿಗೆ ಅಂಟುವುದು ಯಾಕೆ?

ಪ್ರಶ್ನೆ: ಉಡುಪಿಯಲ್ಲಿದ್ದೇನೆ. ಚೌತಿಗೆ ಹಾಲಿನ ಪುಡಿಯಿಂದ ಪೇಡಾ ಮಾಡಬೇಕೆಂದಿದ್ದೇನೆ. ಕಳೆದ ಸಲ ಚ್ಯೂಯಿಂಗ್ ಗಮ್ ಹಾಗೆ ಹಲ್ಲಿಗೆ ಅಂಟಿತು. ಖೋವಾ ಪೇಡಾದ ಹಾಗೆ ಯಾಕೆ ಬರುವುದಿಲ್ಲ?

ಸಕ್ಕರೆಯನ್ನು ಮೊದಲೇ ಹಾಕಿ ಕಾಸಿರಬೇಕು ನೀವು. ಹೆಚ್ಚಿನವರು ಹಾಗೆಯೇ ಮಾಡುವುದು. ಹಾಲು, ಪುಡಿ, ಸಕ್ಕರೆ ಎಲ್ಲ ಒಟ್ಟಿಗೆ ಒಲೆಯ ಮೇಲಿಟ್ಟರೆ ಸಕ್ಕರೆ ಕರಗಿ ಪಾಕವಾಗುತ್ತದೆ. ನೀರು ಆರುತ್ತಾ ಹೋದ ಹಾಗೆ ಆ ಪಾಕ ಗಟ್ಟಿಯಾಗಿ, ಕೊನೆಗೆ ನಿಮ್ಮ ಕೈಗೆ ಸಿಗುವುದು ಹಾಲಿನ ಟಾಫಿ.

ಇದು ಒಂದು ಕಾರಣ. ಇನ್ನೊಂದು ಪುಡಿಯಲ್ಲೇ ಉಂಟು. ಖೋವಾ ಅಂದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೆಂಕಿಯ ಮೇಲೆ ಕುದಿದ ಹಾಲು. ಒಂದು ಲೀಟರ್ ಹಾಲು ಬತ್ತಿ 200 ಗ್ರಾಂ ಆಸುಪಾಸಿಗೆ ಇಳಿಯುವಷ್ಟರಲ್ಲಿ ಪ್ರೋಟೀನು ಬೆಂದು ಸಣ್ಣ ತರಿಯಾಗುತ್ತದೆ, ಕೊಬ್ಬು ಬಿಡಿಸಿಕೊಂಡು ಹೊರಬರುತ್ತದೆ, ಬಣ್ಣ ಸ್ವಲ್ಪ ಕೆನೆಗಟ್ಟಿ ಪರಿಮಳ ಏಳುತ್ತದೆ. ಪುಡಿಯನ್ನು ಮಾಡುವಾಗ ಹಾಲನ್ನು ಸಿಂಪಡಿಸಿ ಬಿಸಿ ಗಾಳಿಯಲ್ಲಿ ಕ್ಷಣದಲ್ಲಿ ಒಣಗಿಸುತ್ತಾರೆ. ಅದು ಒಣಗಿದೆ, ಬೆಂದಿಲ್ಲ. ನೀರು ತಾಗಿದ ಕೂಡಲೇ ಪ್ರೋಟೀನು ಉಬ್ಬಿ, ಬಿಸಿಗೆ ಒಂದಕ್ಕೊಂದು ಹಿಡಿದುಕೊಂಡು ರಬ್ಬರಿನ ಮುದ್ದೆಯಾಗುವುದು ಅದಕ್ಕೇ. ಹಾಗಾಗಿ ಪುಡಿಯಿಂದ ಮೊದಲು ಖೋವಾದಂಥದ್ದನ್ನು ಮಾಡಿಕೊಂಡು, ಸಕ್ಕರೆಯನ್ನು ಕೊನೆಗೆ ಹಾಕಬೇಕು.

ಪುಡಿ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ. ಕೆನೆಸಹಿತ ಹಾಲಿನ ಪುಡಿಯಲ್ಲಿ ಕೊಬ್ಬು ಸುಮಾರು 26 ಶೇಕಡಾ ಇರುತ್ತದೆ. ಅದೇ ಬೇಕು. ಕೆನೆ ತೆಗೆದ ಪುಡಿಯಲ್ಲಿ ಪೇಡಾ ಒಣ ಒಣ. ಚಹಾಕ್ಕೆ ಬಳಸುವ ಡೈರಿ ವೈಟ್ನರ್ ಅಂತ ಬರೆದದ್ದರಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಸೇರಿರುತ್ತದೆ, ಅದನ್ನು ಬಿಡಿ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಎರಡು ದಿನದಲ್ಲಿ ಗಂಟು ಕಟ್ಟುತ್ತದೆ. ಜರಡಿ ಹಿಡಿದರೆ ಸರಿಹೋಗುತ್ತದೆ. ಹಳೆ ಎಣ್ಣೆಯ ವಾಸನೆ ಬಂದರೆ ಮಾತ್ರ ಯಾವ ಏಲಕ್ಕಿಯೂ ಉಳಿಸುವುದಿಲ್ಲ, ಎಸೆಯಿರಿ.

ಈಗ ಅಳತೆ. 200 ಗ್ರಾಂ ಪುಡಿ, 150 ಮಿಲಿ ತಣ್ಣನೆಯ ಹಾಲು, ಮೂರು ದೊಡ್ಡ ಚಮಚ ತುಪ್ಪ, 80 ಗ್ರಾಂ ನುಣ್ಣಗೆ ಪುಡಿ ಮಾಡಿದ ಸಕ್ಕರೆ, ಏಲಕ್ಕಿ. ಒಲೆ ಹಚ್ಚುವ ಮೊದಲೇ ದಪ್ಪ ಬಾಣಲೆಯಲ್ಲಿ ಹಾಲಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕದಡಿ ಹತ್ತು ನಿಮಿಷ ಬಿಡಿ. ಬಿಸಿ ಹಾಲಿಗೆ ಸುರಿದರೆ ಗಂಟಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಒಡೆಯುವುದಿಲ್ಲ. ಪುಡಿ ಸರಿಯಾಗಿ ನೆನೆದ ಮೇಲೆ ಎರಡು ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಬಿಡದೆ ತಿರುವಿ. ತಳ ಹಿಡಿಯುವುದು ಬಹಳ ಬೇಗ. ಎಂಟು ಹತ್ತು ನಿಮಿಷದಲ್ಲಿ ಬದಿ ಬಿಟ್ಟು ಮುದ್ದೆಯಾಗುತ್ತದೆ.

ಇಲ್ಲಿ ಗಡಿಯಾರ ನಂಬಬೇಡಿ. ಚಿಟಿಕೆಯಷ್ಟು ತೆಗೆದು ಆರಿಸಿ ಉಂಡೆ ಮಾಡಿ ನೋಡಿ. ಬೆರಳಿಗೆ ಅಂಟದೆ ಉಂಡೆಯಾದರೆ ಇಳಿಸಿ. ಅಂಟಿದರೆ ಇನ್ನೆರಡು ನಿಮಿಷ. ಎಳೆದಾಗ ನೂಲು ಬರುತ್ತಿದ್ದರೆ ಹೆಚ್ಚಾಯಿತು ಅಂತ ಅರ್ಥ. ಆಗ ಒಂದು ಚಮಚ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಮತ್ತೆ ಸಡಿಲ ಮಾಡಿ.

ಮುದ್ದೆಯನ್ನು ತಟ್ಟೆಗೆ ಹಾಕಿ ಕೈ ತಡೆಯುವಷ್ಟು ಬೆಚ್ಚಗಾಗುವವರೆಗೆ ಬಿಡಿ. ಈಗ ಸಕ್ಕರೆ, ಏಲಕ್ಕಿ, ಉಳಿದ ತುಪ್ಪ ಹಾಕಿ ಅಂಗೈಯಿಂದ ನಾದಿ. ಬೆಚ್ಚಗಿನಲ್ಲಿ ಸಕ್ಕರೆ ಪೂರ್ತಿ ಕರಗುವುದಿಲ್ಲ. ಬಾಯಲ್ಲಿ ಪುಡಿಪುಡಿಯಾಗಿ ಒಡೆಯುವ ಪೇಡಾ ಬರುವುದು ಅದರಿಂದಲೇ, ಖೋವಾ ಪೇಡಾಕ್ಕೂ ಇದೇ ಕ್ರಮ. ತರಿ ಇನ್ನೂ ಬೇಕೆಂದರೆ ಒಂದು ಹಿಡಿ ಪನೀರ್ ಉದುರಿಸಿ ಹಾಲಿನ ಜೊತೆಯೇ ಹಾಕಬಹುದು.

ಬರ್ಫಿಯ ವಿಷಯ ಬೇರೆ. ಅದು ಕತ್ತರಿಸುವಾಗ ನಿಲ್ಲಬೇಕಾದ್ದರಿಂದ ಸಕ್ಕರೆ ಸ್ವಲ್ಪ ಕರಗಲೇಬೇಕು. ಮುದ್ದೆ ಬದಿ ಬಿಡುವಾಗ ಸಕ್ಕರೆ ಸೇರಿಸಿ, ಒಂದೆರಡು ನಿಮಿಷ ತಿರುವಿ, ತುಪ್ಪ ಸವರಿದ ತಟ್ಟೆಗೆ ಹರಡಿ. ಜೋರು ಮಳೆಯ ದಿನ ಗಟ್ಟಿಯಾಗಲು ತುಂಬ ಹೊತ್ತು ಬೇಕಾಗುತ್ತದೆ, ರಾತ್ರಿ ಮಾಡಿಟ್ಟು ಬೆಳಿಗ್ಗೆ ಕತ್ತರಿಸಿದರೆ ಒಳ್ಳೆಯದು.

ಹೀಗೆ ಮಾಡಿದ್ದು ಬಿಳಿ ಪೇಡಾದ ಮಟ್ಟಿಗೆ ಖೋವಾದ ಪಕ್ಕದಲ್ಲಿ ಧೈರ್ಯವಾಗಿ ನಿಲ್ಲುತ್ತದೆ. ಧಾರವಾಡ ಪೇಡಾದಂಥ ಕಂದು ಬಣ್ಣಕ್ಕೆ ಮಾತ್ರ ಪುಡಿಯನ್ನು ಹಿಡಿಯಬೇಡಿ ಮಾರಾಯ್ರೆ. ಅಲ್ಲಿ ಖೋವಾವನ್ನೇ ಮತ್ತೆ ಹುರಿದು ಹುರಿದು ಆ ರುಚಿ ತರುವುದು. ಪುಡಿಯ ಮುದ್ದೆಯನ್ನು ಹಾಗೆ ಹುರಿಯಲು ಹೋದರೆ ಒಳಗೆ ಬಣ್ಣ ಬರುವ ಮೊದಲು ಹೊರಗೆ ಸೀದ ವಾಸನೆ ಬಂದಿರುತ್ತದೆ. ಚೌತಿಗೆ ಮನೆ ತುಂಬ ಜನ ಬರುವುದಿದ್ದರೆ ನಾನೂ ಪುಡಿಯನ್ನೇ ನಂಬುವುದು, ಆದರೆ ಬಿಳಿ ಪೇಡಾ ಮಾತ್ರ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ.