ಫೋನು ದಿನಾ ಬರುತ್ತಿತ್ತಾ?

“ಸರ್, ನನ್ನ ಫ್ರೆಂಚ್ ಕತೆಯಲ್ಲಿ ಕ್ರಿಯಾಪದದ ರೂಪ ಒಂದೂ ತಪ್ಪಿಲ್ಲ. ಸ್ವಲ್ಪ ಹೊತ್ತು ಹಿಡಿಯುವ ಕೆಲಸಕ್ಕೆಲ್ಲ ಆಂಪಾರ್ಫೆ ಅನ್ನೋ ಭೂತಕಾಲದ ರೂಪ ಅಂತ ಕಲಿತಿದ್ದೆ, ಹಾಗೇ ಹಾಕಿದ್ದೇನೆ. ಆದರೂ ‘ಕತೆ ಕದಲುತ್ತಿಲ್ಲ’ ಅಂತ ಯಾಕೆ ವಾಪಸ್ ಕಳಿಸಿದಿರಿ?”

ನಮಸ್ಕಾರ. ನಿಮ್ಮನ್ನು ಕೆಡಿಸಿದ್ದು ಆ “ಸ್ವಲ್ಪ ಹೊತ್ತು” ಅನ್ನೋ ಸೂತ್ರವೇ. ಹದಿನಾಲ್ಕನೇ ಲೂಯಿ 1643ರಿಂದ 1715ರವರೆಗೆ, 72 ವರ್ಷ ಆಳಿದ. ಅದನ್ನು ಹೇಳುವಾಗ ಫ್ರೆಂಚರು “ಇಲ್ ಆ ರೆಞೇ” ಅಂತ ಪಾಸೆ ಕಾಂಪೋಸೆ ಅನ್ನೋ ಇನ್ನೊಂದು ಭೂತಕಾಲದ ರೂಪದಲ್ಲೇ ಹೇಳುತ್ತಾರೆ. 72 ವರ್ಷ ಕಡಿಮೆ ಹೊತ್ತಲ್ಲ, ಅಲ್ವಾ? ಎಷ್ಟು ಹೊತ್ತು ನಡೆಯಿತು ಅನ್ನೋದು ಮುಖ್ಯವಲ್ಲ. ಶುರುವಿನಿಂದ ಕೊನೆಯವರೆಗೆ ಇಡಿಯಾಗಿ ನೋಡಿದರೆ ಪಾಸೆ ಕಾಂಪೋಸೆ. ಒಳಗೆ ನಿಂತು, ಇನ್ನೂ ನಡೆಯುತ್ತಿರುವ ಹಾಗೆ ನೋಡಿದರೆ ಆಂಪಾರ್ಫೆ. ನಿಮ್ಮ ಕತೆಯ ಮುದುಕಿ ಮಗನಿಗಾಗಿ “ಮೂರು ದಿನ ಕಾದಳು” ಅನ್ನೋದೂ ಅಷ್ಟೇ. ಮೂರು ದಿನ ಅಂತ ಗೆರೆ ಎಳೆದಿದ್ದೀರಿ, “ಎಲ್ ಆ ಅತಾಂದ್ಯು” ಬೇಕು.

ಈಗ ಮೊದಲ ಪುಟ ನೋಡಿ. ಮಳೆ ಬರುತ್ತಿತ್ತು, “ಇಲ್ ಪ್ಲವೆ”. ಮುದುಕಿ ಸ್ವೆಟರ್ ಹೆಣೆಯುತ್ತಿದ್ದಳು, “ಎಲ್ ತ್ರಿಕೊತೆ”. ಎರಡೂ ಸರಿ, ಅದು ಕತೆಯ ಹಿನ್ನೆಲೆ. ಆಮೇಲೆ ಫೋನು “ಸೊನೆ”, ಮುದುಕಿ “ಸ ಲವೆ”, ಮತ್ತೆ ಆಂಪಾರ್ಫೆಯೇ. ಇಲ್ಲೇ ಎಡವಿದಿರಿ. ಮುದುಕಿ ಏಳೋಕೆ ಹೊತ್ತು ಬೇಕು, ಒಪ್ಪಿದೆ. ಆದರೆ ಫ್ರೆಂಚ್ ಓದುಗನಿಗೆ ಅದು “ಫೋನು ಬರುತ್ತಿತ್ತು, ಅವಳು ಏಳುತ್ತಿದ್ದಳು” ಅಂತ, ದಿನನಿತ್ಯದ ಅಭ್ಯಾಸದ ಹಾಗೆ ಕೇಳುತ್ತದೆ. “ಸರಿ, ಒಂದು ದಿನ ಏನಾಯ್ತು?” ಅಂತ ಅವನು ಕಾಯುತ್ತಾ ಕೂರುತ್ತಾನೆ. ನೀವು ಪುಟದ ಕೊನೆವರೆಗೂ ಹೇಳೋದೇ ಇಲ್ಲ. “ಆ ಸೊನೇ”, “ಸೆ ಲವೇ” ಅಂತ ಪಾಸೆ ಕಾಂಪೋಸೆ ಮಾಡಿ. ಕೂಡಲೇ ಮಳೆ ಹಿಂದಕ್ಕೆ ಸರಿಯುತ್ತದೆ, ಫೋನು ಮುಂದೆ ಬರುತ್ತದೆ.

ನಾನು ಪರೀಕ್ಷೆ ಮಾಡೋದು ಹೀಗೆ. ಪಾಸೆ ಕಾಂಪೋಸೆಯಲ್ಲಿರುವ ವಾಕ್ಯಗಳಿಗೆ ಮಾತ್ರ ಕೆಂಪು ಗೆರೆ ಎಳೆದು, ಅಷ್ಟನ್ನೇ ಓದುತ್ತೇನೆ. ಫೋನು ಬಂತು, ಎದ್ದಳು, ಎತ್ತಿಕೊಂಡಳು, ಕುಸಿದಳು. ಕತೆಯ ಅಸ್ಥಿಪಂಜರ ಅಲ್ಲಿ ಕಾಣಬೇಕು. ನಿಮ್ಮ ಮೊದಲ ಪುಟದಲ್ಲಿ ನನಗೆ ಸಿಕ್ಕಿದ್ದು ಒಂದೇ ಗೆರೆ, ಅದೂ ಬೆಕ್ಕು ಹಾಲು ಕುಡಿದದ್ದು! (ಕಾದಂಬರಿಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಪಾಸೆ ಸ್ಯಾಂಪ್ಲ್ ಅನ್ನೋ ಮತ್ತೊಂದು ಭೂತಕಾಲದ ರೂಪ ಮಾಡುತ್ತದೆ. ಸದ್ಯಕ್ಕೆ ನೀವು ಅದಕ್ಕೆ ಕೈ ಹಾಕಬೇಡಿ.)

ಕೊನೆಯ ಸಾಲು ಮಾತ್ರ ಬರೀ ನಡಿಗೆಯ ಪ್ರಶ್ನೆ ಅಲ್ಲ, ಅಲ್ಲಿ ಕತೆಯೇ ತಿರುಗಿಬಿಟ್ಟಿದೆ. ಫೋನಿನಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ನೀವು “ಎಲ್ ಸವೆ” ಅಂತ ಬರೆದಿದ್ದೀರಿ. ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು. ನಿಮಗೆ ಬೇಕಿದ್ದದ್ದು “ಎಲ್ ಆ ಸ್ಯು”, ಆಗ ಗೊತ್ತಾಯಿತು. ಕನ್ನಡದಲ್ಲಿ ಗೊತ್ತಿತ್ತು, ಗೊತ್ತಾಯಿತು ಎರಡನ್ನೂ ನೀವು ಯಾವತ್ತೂ ಬೆರೆಸಿರಲಿಕ್ಕಿಲ್ಲ. ಇಲ್ಲಿ ಬೆರೆಸಿದ್ದರಿಂದ, ಮೂರು ದಿನ ಕಾದ ಆ ಮುದುಕಿ ಎಲ್ಲ ತಿಳಿದೂ ಸುಮ್ನೆ ಸ್ವೆಟರ್ ಹೆಣೆಯುತ್ತಾ ಕೂತಿದ್ದಳು ಅಂತಾಗಿದೆ.