ಕತ್ತು, ಕಟ್ಟು: ವ್ಯತ್ಯಾಸ ಸ್ವರದ ಬಾಲದಲ್ಲಿದೆ

ಓದುಗರ ಪತ್ರ: ‘ಕತ್ತು’, ‘ಕಟ್ಟು’ ಎರಡನ್ನೂ ರೆಕಾರ್ಡ್ ಮಾಡಿ, ದನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಡಿದೆ. ತ್ತ, ಟ್ಟ ಇರಬೇಕಾದ ಕಡೆ ಎರಡರಲ್ಲೂ ಬರೀ ಖಾಲಿ ಜಾಗ. ಹಾಗಾದರೆ ಕಿವಿಗೆ ವ್ಯತ್ಯಾಸ ಗೊತ್ತಾಗೋದು ಎಲ್ಲಿಂದ?

ಸಂಪಾದಕರ ಉತ್ತರ: ನೀವು ಒಂದಿಷ್ಟು ಮುಂದೆ ನೋಡಿಬಿಟ್ಟಿದ್ದೀರಿ. ಖಾಲಿ ಜಾಗ ಶುರುವಾಗುವ ಮೊದಲು, ‘ಕ’ದಲ್ಲಿರುವ ಅಕಾರದ ಕೊನೆಯ ತುಣುಕನ್ನು ದೊಡ್ಡದು ಮಾಡಿ ನೋಡಿ. ನಾಲಿಗೆ ಬಾಯನ್ನು ಮುಚ್ಚಲು ಹೊರಟಾಗಲೇ ಸ್ವರದ ಫಾರ್ಮೆಂಟ್‌ಗಳು, ಅಂದರೆ ಬಾಯೊಳಗಿನ ಅನುರಣನವನ್ನು ತೋರಿಸುವ ಆ ಕಪ್ಪು ಪಟ್ಟಿಗಳು, ತಿರುಗಲು ಶುರುವಾಗುತ್ತವೆ.

ಗಂಡಸಿನ ದನಿಯಲ್ಲಿ ಅಕಾರದ ನಡುವೆ ಕೆಳಗಿನಿಂದ ಮೂರನೇ ಫಾರ್ಮೆಂಟ್ ಸುಮಾರು 2500 ಹರ್ಟ್ಜ್ ಹತ್ತಿರ ಇರುತ್ತದೆ ಅಂತಿಟ್ಟುಕೊಳ್ಳಿ. ‘ಕತ್ತು’ವಿನಲ್ಲಿ ಅದು ಹೆಚ್ಚುಕಮ್ಮಿ ಅಲ್ಲೇ ಉಳಿಯುತ್ತದೆ. ‘ಕಟ್ಟು’ವಿನಲ್ಲಿ 2000ದ ಆಸುಪಾಸಿಗೆ ಇಳಿಯುತ್ತದೆ, ಎರಡನೆಯದು ಮೇಲೇರಿ ಅದರ ಹತ್ತಿರ ಬರುತ್ತದೆ. ಅಂಕಿಗಳು ಆಳಿನಿಂದ ಆಳಿಗೆ ಬದಲಾಗುತ್ತವೆ, ಆದರೆ ಮೂರನೆಯದು ಬೀಳೋದನ್ನು ನಂಬಬಹುದು. ಕಾರಣ ಇಷ್ಟೇ: ನಾಲಿಗೆಯ ತುದಿ ಮೇಲಕ್ಕೆ ಹಿಂದಕ್ಕೆ ಮಡಚಿದಾಗ ಅದರ ಮುಂದೆ, ಕೆಳಗೆ ಜಾಗ ಜಾಸ್ತಿಯಾಗುತ್ತದೆ, ಜಾಗ ಹೆಚ್ಚಿದಷ್ಟೂ ಅಲ್ಲಿನ ಅನುರಣನದ ಆವರ್ತನ ತಗ್ಗುತ್ತದೆ. ‘ಬಿತ್ತು’, ‘ಬಿಟ್ಟು’ ಹೋಲಿಸಿದರೂ ಇದೇ ಕಾಣುತ್ತದೆ, ಆದರೆ ಇಕಾರದಲ್ಲಿ ಎರಡನೇ ಫಾರ್ಮೆಂಟ್ ಮೊದಲೇ ಎತ್ತರದಲ್ಲಿರುವುದರಿಂದ ಅದು ಏರದೆ ಇಳಿಯಬಹುದು. ಹಾಗಾಗಿ ಎರಡೂ ಪಟ್ಟಿ ಕೂಡೋದನ್ನೇ ಕಾಯಬೇಡಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ‘ಟ್ಟ’ಕ್ಕೆ ಬಾಯಿ ಮುಚ್ಚಿದ ಹೊತ್ತಲ್ಲಿ ನಾಲಿಗೆ ಸುಮ್ನೆ ಕೂರುವುದಿಲ್ಲ, ಮುಂದಕ್ಕೆ ಜಾರುತ್ತದೆ, ಬಿಡುವಾಗ ತುದಿ ಹಲ್ಲಿನ ವಸಡಿನ ಹಿಂದೆ ಎಲ್ಲೋ ಇರುತ್ತದೆ. ಅದಕ್ಕೇ ‘ಟ್ಟು’ ಕಡೆಯ ಉಕಾರದ ಶುರುವಿನಲ್ಲಿ ಸುಳಿವು ಸಪ್ಪೆ, ‘ಕ’ದ ಕೊನೆಯಲ್ಲಿ ಗಟ್ಟಿ. ದ್ರಾವಿಡ ಮೂಲದ ಪದಗಳ ಮೊದಲಲ್ಲಿ ಟ, ಡ ಅಪರೂಪವಾಗಿರೋದಕ್ಕೂ ಇದಕ್ಕೂ ನಂಟಿದೆ ಅಂತ ಹಲವು ಧ್ವನಿವಿಜ್ಞಾನಿಗಳು ವಾದಿಸುತ್ತಾರೆ, ನನಗೂ ಅದು ಸರಿ ಅನ್ನಿಸುತ್ತದೆ: ಪದದ ಮೊದಲಲ್ಲಿ ಹಿಂದಿನ ಸ್ವರವೇ ಇರುವುದಿಲ್ಲ, ಅಲ್ವಾ?

ಈ ಮಡಚುವಿಕೆ ಎಲ್ಲ ಕಡೆ ಒಂದೇ ಅಲ್ಲ. ಧ್ವನಿವಿಜ್ಞಾನಿಗಳಾದ ಲೇಡಿಫೋಗೆಡ್ ಮತ್ತು ಭಾಸ್ಕರರಾವ್ 1983ರಲ್ಲಿ ಎಕ್ಸ್‌ರೇ ಚಿತ್ರಗಳಿಂದ ತೋರಿಸಿದಂತೆ ತೆಲುಗು, ತಮಿಳಿನಲ್ಲಿ ನಾಲಿಗೆಯ ತುದಿಯ ಅಡಿಭಾಗ ಅಂಗುಳಕ್ಕೆ ತಾಗುತ್ತದೆ, ಹಿಂದಿಯಲ್ಲಿ ಅಷ್ಟು ಮಡಚುವುದಿಲ್ಲ.

ನೀವೇ ಮಾಡಿ ನೋಡಿ, ಪ್ರಾಟ್ ಅನ್ನೋ ದನಿ ಅಳೆಯುವ ತಂತ್ರಾಂಶ ಇದ್ದರೆ ಸಾಕು. ಪ್ರಾಟ್‌ನಲ್ಲಿ ‘ಕಟ್ಟು’ವನ್ನು ಖಾಲಿ ಜಾಗದ ಅಂಚಿನಲ್ಲಿ ಕತ್ತರಿಸಿ ‘ಕ’ ಮಾತ್ರ ಕೇಳಿ, ಆಮೇಲೆ ‘ಕತ್ತು’ವಿನ ‘ಕ’ ಕೇಳಿ. ಅಳೆಯುವಾಗ ಒಂದು ಎಚ್ಚರಿಕೆ: ಎರಡು ಪಟ್ಟಿ ಹತ್ತಿರ ಬಂದಾಗ ಪ್ರಾಟ್ ಅವನ್ನು ಒಂದೇ ಅಂದುಕೊಂಡು ನಾಲ್ಕನೆಯದನ್ನು ಮೂರನೆಯದು ಅಂತ ತೋರಿಸಬಹುದು. ಫಾರ್ಮೆಂಟ್ ಗುರುತಿಸಲು ಅದು ಹಾಕುವ ಕೆಂಪು ಚುಕ್ಕೆ ಕೊನೆಯಲ್ಲಿ ಥಟ್ಟನೆ ಮೇಲೆ ಜಿಗಿದರೆ ಅಂಕಿಯನ್ನು ನಂಬಬೇಡಿ, ಕಪ್ಪು ಪಟ್ಟಿಯನ್ನೇ ನೋಡಿ. ಪ್ರಾಟ್ ಫಾರ್ಮೆಂಟ್ ಹುಡುಕುವ ಮೇಲಿನ ಮಿತಿಯನ್ನು ಗಂಡಸಿನ ದನಿಗೆ 5000, ಹೆಂಗಸಿನ ದನಿಗೆ 5500 ಹರ್ಟ್ಜ್ ಇಟ್ಟುಕೊಳ್ಳಿ.